ನಾಲ್ಕು ಹೆಸರು, ಒಂದು ರಿಪೋರ್ಟ್

ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಬ್ಯಾಚುಗಳು ಹುಟ್ಟುವುದು ಹೆಚ್ಚಾಗಿ ಕ್ಯಾಂಟೀನಿನಲ್ಲಿ. ಒಂದೇ ಬೆಂಚಿನ ಇಬ್ಬರು ಮೊದಲೇ ಗಟ್ಟಿಯಾಗಿರುತ್ತಾರೆ. ಕೋಡಿಂಗ್ ಚೆನ್ನಾಗಿ ಬರುವ ಮೂರನೆಯವನನ್ನು ಒಲಿಸಿಕೊಳ್ಳುತ್ತಾರೆ. ಎಲ್ಲೂ ಸೇರದೆ ಉಳಿದ ಯಾರನ್ನೋ ಡಿಪಾರ್ಟ್‌ಮೆಂಟಿನವರು ನಾಲ್ಕನೆಯ ಜಾಗಕ್ಕೆ ತಂದು ಹಾಕುತ್ತಾರೆ. ಅಂದೇ ಸಂಜೆ ವಾಟ್ಸಾಪ್ ಗ್ರೂಪ್ ಆಗುತ್ತದೆ, "ಎಲ್ಲಾ ಸೇರಿ ಮಾಡೋಣ ಮಗಾ" ಎಂದು ಒಬ್ಬ ಹಾಕುತ್ತಾನೆ, ಉಳಿದ ಮೂವರು ಹೆಬ್ಬೆಟ್ಟು ಒತ್ತುತ್ತಾರೆ.

ಪ್ರಾಜೆಕ್ಟ್ ಗೈಡ್ ಆಗಿ ನನಗೆ ಆತಂಕ ಶುರುವಾಗುವುದು ಆ ಮಾತಿನಿಂದಲೇ. ಎಲ್ಲರೂ ಸೇರಿ ಮಾಡುವ ಕೆಲಸದಲ್ಲಿ ಯಾವುದು ಯಾರದು ಎಂದು ಯಾರೂ ಹೇಳಿರುವುದಿಲ್ಲ. ಸಂಕೋಚ ಇರುತ್ತದೆ. ಗೆಳೆಯರ ಮಧ್ಯೆ ಕಾಗದ ಬರೆಸಿಕೊಳ್ಳುವುದು ಅಪನಂಬಿಕೆಯ ಮಾತಿನಂತೆ ಕೇಳುತ್ತದೆ. ಎರಡನೇ ರಿವ್ಯೂ ಹತ್ತಿರ ಬಂದಾಗ ಅದೇ ಗೆಳೆಯರು ಒಬ್ಬೊಬ್ಬರಾಗಿ ನನ್ನ ರೂಮಿನ ಬಾಗಿಲಿಗೆ ಬಂದು, "ಸರ್, ಅವನು ಏನೂ ಮಾಡ್ತಿಲ್ಲ, ಹೆಸರು ಮಾತ್ರ ಇದೆ" ಎನ್ನುತ್ತಾರೆ. ಹಾಗೆ ಹೇಳಿಸಿಕೊಂಡವನೂ ಒಂದು ದಿನ ಬರುತ್ತಾನೆ, ಅವನ ಹತ್ತಿರವೂ ಒಂದು ಕಥೆ ಇರುತ್ತದೆ.

ಗುಂಪಿನಲ್ಲಿ ಒಬ್ಬೊಬ್ಬರ ದುಡಿತ ಕಡಿಮೆಯಾಗುವುದನ್ನು ಅಳೆದು ತೋರಿಸಿದವರಲ್ಲಿ ಮೊದಲಿಗ ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್. ಜನರ ಕೈಲಿ ಹಗ್ಗ ಎಳೆಸಿ, ಎಷ್ಟು ಬಲ ಬಿತ್ತು ಎಂದು ಅಳೆದ. ಅವನ ಲೆಕ್ಕ ಅಚ್ಚಾದದ್ದು 1913ರಲ್ಲಿ. ಎಂಟು ಜನ ಸೇರಿ ಎಳೆದಾಗ ತಲಾ ಬಿದ್ದ ಬಲ, ಒಬ್ಬನೇ ಎಳೆದಾಗಿನ ಬಲದ ಹೆಚ್ಚುಕಡಿಮೆ ಅರ್ಧ. ಇದನ್ನು ಕೇಳಿದ ಕೂಡಲೇ ಸೋಮಾರಿತನ ಎಂದುಬಿಡುತ್ತೇವೆ. ಆದರೆ ರಿಂಗೆಲ್‌ಮನ್ ಮುಖ್ಯವಾಗಿ ಹೇಳಿದ ಕಾರಣ, ಎಲ್ಲರೂ ಒಂದೇ ಕ್ಷಣಕ್ಕೆ ಎಳೆಯುವುದಿಲ್ಲ ಎಂಬುದು. ಮನಸ್ಸಿನ ಸಡಿಲವೂ ಅದರಲ್ಲಿದೆ ಎಂದು ಆಮೇಲೆ ಅಮೆರಿಕದಲ್ಲಿ ಲಟಾನೆ ಮತ್ತು ಸಂಗಡಿಗರು, ಜನರಿಂದ ಕೂಗಿಸಿ ಚಪ್ಪಾಳೆ ತಟ್ಟಿಸಿ ಕಂಡುಕೊಂಡರು. ಅದು 1979. ಎರಡು ವರ್ಷದ ಮೇಲೆ ಅವರೇ ಮಾಡಿದ ಇನ್ನೊಂದು ಪ್ರಯೋಗ ನನ್ನ ಕೆಲಸಕ್ಕೆ ಹೆಚ್ಚು ಬೇಕಾದದ್ದು. ಗುಂಪಿನಲ್ಲಿದ್ದರೂ ತಮ್ಮ ಕೂಗು ಬೇರೆಯಾಗಿ ಅಳೆಯಲ್ಪಡುತ್ತದೆ ಎಂದು ಗೊತ್ತಾದಾಗ ಜನ ಪೂರ್ತಿ ದನಿ ತೆಗೆದು ಕೂಗಿದರು. ನಾಲ್ವರ ಬ್ಯಾಚಿಗೆ ಬೇಕಾದ್ದು ಇಷ್ಟೇ: ಯಾವ ಎಳೆತ ಯಾರದು ಎಂದು ಕಾಣಬೇಕು, ಮತ್ತು ಯಾವಾಗ ಎಳೆಯಬೇಕು ಎಂದು ಎಲ್ಲರಿಗೂ ಗೊತ್ತಿರಬೇಕು.

ಇನ್ನೊಂದು ತೊಡಕು ಇದೆ. "ಈ ಕೆಲಸದಲ್ಲಿ ನಿನ್ನ ಪಾಲು ನೂರಕ್ಕೆ ಎಷ್ಟು?" ಎಂದು ನಾಲ್ವರನ್ನೂ ಬೇರೆಬೇರೆಯಾಗಿ ಕೇಳಿದರೆ ಉತ್ತರಗಳ ಮೊತ್ತ ಸಾಮಾನ್ಯವಾಗಿ ನೂರನ್ನು ದಾಟಿಬಿಡುತ್ತದೆ. ಸುಳ್ಳು ಹೇಳುತ್ತಾರೆಂದಲ್ಲ. ರಾಸ್ ಮತ್ತು ಸಿಕೋಲಿ ಎಂಬ ಸಂಶೋಧಕರು 1979ರಲ್ಲಿ ಗಂಡಹೆಂಡಿರನ್ನು ಮನೆಗೆಲಸದ ಬಗ್ಗೆ ಕೇಳಿದಾಗಲೂ ಹೀಗೇ ಆಯಿತು. ನಾವು ನಿದ್ದೆಗೆಟ್ಟದ್ದು ನಮಗೆ ನೆನಪಿರುತ್ತದೆ, ಇನ್ನೊಬ್ಬರು ನಿದ್ದೆಗೆಟ್ಟದ್ದನ್ನು ನೋಡಿಯೇ ಇರುವುದಿಲ್ಲ. ಹಾಗಾಗಿ ಜಗಳದ ಮಧ್ಯೆ "ಯಾರು ಎಷ್ಟು ಮಾಡಿದರು" ಎಂದು ನೆನಪಿನಿಂದ ಲೆಕ್ಕ ಹಾಕಲು ಕೂತರೆ ಅದು ಬಗೆಹರಿಯುವುದಿಲ್ಲ. ಬರೆದಿಟ್ಟದ್ದು ಇರಬೇಕು.

ಅದಕ್ಕೇ ಮೊದಲ ವಾರ, ಯಾರಿಗೂ ಯಾರ ಮೇಲೂ ಸಿಟ್ಟು ಬರುವ ಮುಂಚೆ, ಒಂದು ಪುಟದ ಒಪ್ಪಂದ ಬರೆಸುತ್ತೇನೆ. "ಎಲ್ಲರೂ ಪ್ರಾಮಾಣಿಕವಾಗಿ ದುಡಿಯತಕ್ಕದ್ದು" ಎಂಬಂಥ ವಾಕ್ಯ ಬಂದರೆ ಹೊಡೆದುಹಾಕುತ್ತೇನೆ. ಪ್ರಾಮಾಣಿಕತೆಯನ್ನು ಬುಧವಾರ ಸಂಜೆ ಯಾರೂ ಪರೀಕ್ಷಿಸಲಾರರು. "ಸೆನ್ಸರಿನ ರೀಡಿಂಗ್ ಇರುವ ಶೀಟು 10ನೇ ತಾರೀಖು ರಾತ್ರಿ ಎಂಟಕ್ಕೆ ಗ್ರೂಪಿನ ಡ್ರೈವಿನಲ್ಲಿ ಇರಬೇಕು, ಹಾಕುವವನು ಇವನು" ಎಂದಿದ್ದರೆ ಪರೀಕ್ಷಿಸಬಹುದು. ಇದರ ಜೊತೆಗೆ ಇನ್ನು ಮೂರು ಮಾತು ಸಾಕು. ಆಗುವುದಿಲ್ಲ ಎಂದು ಗೊತ್ತಾದವರು ಒಂದು ದಿನ ಮುಂಚೆ ತಿಳಿಸಬೇಕು, ಕಾರಣ ಹೇಳುವ ಬಲವಂತವಿಲ್ಲ. ಮೆಸೇಜಿಗೆ 24 ಗಂಟೆಯೊಳಗೆ ಉತ್ತರ ಕೊಡಬೇಕು. ಮೂರನೆಯದು ಮೇಲ್ನೋಟಕ್ಕೆ ವಿಚಿತ್ರ: ಒಬ್ಬರ ಪಾಲಿನ ಕೆಲಸವನ್ನು ಇನ್ನೊಬ್ಬರು ಹೇಳದೆ ಮಾಡಿಬಿಡಬಾರದು.

ಈ ಮೂರನೆಯ ಮಾತು ಏಕೆ ಬೇಕು ಎನ್ನುವುದಕ್ಕೆ ಒಂದು ಬ್ಯಾಚಿನ ಕಥೆ ಹೇಳಬೇಕು. ಮಣ್ಣಿನ ತೇವ ನೋಡಿಕೊಂಡು ಹನಿ ನೀರಾವರಿಯ ವಾಲ್ವ್ ತೆರೆದು ಮುಚ್ಚುವ ಯಂತ್ರ ಅವರ ಪ್ರಾಜೆಕ್ಟ್. ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ಒಬ್ಬ ಕೋಡ್ ಬರೆಯುವವನು, ನಿಜಕ್ಕೂ ಚುರುಕು. ಒಬ್ಬಳು ಸರ್ಕ್ಯೂಟ್, ಇನ್ನೊಬ್ಬಳು ರಿಪೋರ್ಟ್. ಇನ್ನೊಬ್ಬ ಹುಡುಗನ ಪಾಲಿಗೆ ಸೆನ್ಸರನ್ನು ಮಣ್ಣಿಗೆ ಹೊಂದಿಸುವ ಕೆಲಸ. ತೇವದ ಮಣ್ಣು ತಂದು ತೂಗಬೇಕು, ಲ್ಯಾಬಿನ ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಒಂದು ಇಡೀ ದಿನ ಒಣಗಿಸಬೇಕು, ಮತ್ತೆ ತೂಗಿ ನೀರೆಷ್ಟಿತ್ತು ಎಂದು ಕಂಡುಹಿಡಿಯಬೇಕು, ಅದನ್ನು ಸೆನ್ಸರ್ ಹೇಳಿದ ಅಂಕಿಯ ಪಕ್ಕ ಬರೆಯಬೇಕು. ಬೇರೆಬೇರೆ ತೇವಕ್ಕೆ ಇದನ್ನೇ ಮತ್ತೆ ಮಾಡಬೇಕು. ನಿಧಾನದ ಕೆಲಸ, ಹೊರಗಿನಿಂದ ನೋಡಿದರೆ ಏನೂ ಆಗುತ್ತಿಲ್ಲ ಎನ್ನಿಸುವ ಕೆಲಸ.

ಎರಡನೇ ರಿವ್ಯೂಗೆ ಮುಂಚೆ ದೂರು ಬಂತು, ಆ ಹುಡುಗ ಮೀಟಿಂಗಿಗೆ ಬರುವುದಿಲ್ಲ, ಮೆಸೇಜಿಗೆ ಉತ್ತರವಿಲ್ಲ ಎಂದು. ಕೋಡಿನವನು ಸಾಕ್ಷಿಗೆ ತನ್ನ ಲ್ಯಾಪ್‌ಟಾಪ್ ತೆರೆದು ಈ ಕಮಾಂಡ್ ಹೊಡೆದು ತೋರಿಸಿದ:

```
git shortlog -sn
```

ಯಾರು ಎಷ್ಟು ಸಲ ಕೋಡ್ ಸೇರಿಸಿದರು ಎಂದು ಇದು ಪಟ್ಟಿ ಮಾಡುತ್ತದೆ. ಅವನ ಹೆಸರು ಎಲ್ಲಕ್ಕಿಂತ ಮೇಲೆ, ಇನ್ನೊಬ್ಬನ ಹೆಸರೇ ಇಲ್ಲ. ಆದರೆ ಮಣ್ಣು ತೂಗಿದ್ದು ಆ ಪಟ್ಟಿಗೆ ಬರುವುದಿಲ್ಲ, ರಿಪೋರ್ಟಿನ ಪುಟಗಳೂ ಬರುವುದಿಲ್ಲ. ಒಂದು ಸಾಲು ತಿದ್ದಿದರೂ ಒಂದೇ ಎಣಿಕೆ, ಇಡೀ ಫೈಲ್ ಬರೆದರೂ ಒಂದೇ ಎಣಿಕೆ. ಸುಲಭವಾಗಿ ಎಣಿಸಲು ಸಿಗುವುದನ್ನೇ ದುಡಿಮೆ ಎಂದು ತಿಳಿಯುವ ತಪ್ಪನ್ನು ನಾವು ಮೇಷ್ಟ್ರುಗಳೂ ಮಾಡುತ್ತೇವೆ.

ನಾಲ್ವರನ್ನೂ ಕೂರಿಸಿದೆ. ಒಂದೇ ಷರತ್ತು ಹಾಕಿದೆ, ಯಾರ ಗುಣದ ಮಾತೂ ಆಡಬಾರದು, ಒಪ್ಪಂದದ ಸಾಲನ್ನು ತೋರಿಸಿ ಏನು ಆಗಿಲ್ಲ ಎಂದಷ್ಟೇ ಹೇಳಬೇಕು. "ನೀನು ಸೀರಿಯಸ್ ಇಲ್ಲ" ಎಂದರೆ ಅವನು ತಾನು ಸೀರಿಯಸ್ ಎಂದು ವಾದಿಸುತ್ತಾನೆ, ಅದಕ್ಕೆ ಕೊನೆಯಿಲ್ಲ. "10ನೇ ತಾರೀಖಿನ ಶೀಟು ಬಂದಿಲ್ಲ" ಎಂದರೆ ಅದಕ್ಕೆ ಹೌದು ಅಥವಾ ಇಲ್ಲ ಎನ್ನಲೇಬೇಕು. ಅವನು ಹೌದು ಎಂದ. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೆಡಿಕಲ್ ಶಾಪಿನಲ್ಲಿ ಕೆಲಸ, ಮೀಟಿಂಗ್ ಇಟ್ಟದ್ದೆಲ್ಲ ಏಳಕ್ಕೆ. ಅದನ್ನು ಹೇಳಿಕೊಳ್ಳಲು ನಾಚಿಕೆ. ಆಮೇಲೆ ಸ್ವಲ್ಪ ತಡೆದು ಇನ್ನೊಂದು ಮಾತು ಹೇಳಿದ: "ಅರ್ಧ ರೀಡಿಂಗ್ ತೆಗೆದಿದ್ದೆ ಸರ್. ಒಂದಿನ ನೋಡಿದ್ರೆ ಕೋಡಲ್ಲಿ ಇವನು ಆಗಲೇ ಬೇರೆ ನಂಬರ್ ಹಾಕ್ಬಿಟ್ಟಿದ್ದ. ಇನ್ನೇನು ಕೊಡೋದು ಅಂತ ಸುಮ್ಮನಾದೆ."

ನಿಜವೇ. ಕೋಡಿನವನು ಕಾಯಲಾರದೆ, ಇಂಟರ್ನೆಟ್ಟಿನಲ್ಲಿ ಸಿಕ್ಕ ಅಂಕಿಗಳನ್ನು ಒಂದು ರಾತ್ರಿ ಕೂತು ಸೇರಿಸಿಬಿಟ್ಟಿದ್ದ. ಅವು ಯಾವ ಮಣ್ಣಿನವೋ. ನಮ್ಮ ಕೆಂಪು ಮಣ್ಣಿಗೆ ಹಾಕಿ ನೋಡಿದರೆ ವಾಲ್ವ್ ಬೇಡದ ಹೊತ್ತಿಗೆ ತೆರೆಯುತ್ತಿತ್ತು. ದುಡಿಯದವನು ಒಬ್ಬ, ಹೆಚ್ಚು ದುಡಿದವನು ಒಬ್ಬ ಎಂದು ನಾವು ನೋಡುವ ಚಿತ್ರದಲ್ಲಿ ಎಷ್ಟೋ ಸಲ ಇಬ್ಬರೂ ಒಬ್ಬರನ್ನೊಬ್ಬರು ಹಾಗೆ ಮಾಡಿರುತ್ತಾರೆ. ಇವನು ತಡಮಾಡಿದಷ್ಟೂ ಅವನು ಕಿತ್ತುಕೊಳ್ಳುತ್ತಾನೆ, ಅವನು ಕಿತ್ತುಕೊಂಡಷ್ಟೂ ಇವನಿಗೆ ಮಾಡಲು ಏನೂ ಉಳಿಯುವುದಿಲ್ಲ. ಮೀಟಿಂಗನ್ನು ಬೆಳಗಿನ ಮೊದಲ ಕ್ಲಾಸಿಗೆ ಮುಂಚೆ ಅರ್ಧ ಗಂಟೆಗೆ ಬದಲಾಯಿಸಿದರು, ಮಣ್ಣಿನ ಶೀಟಿಗೆ ಹೊಸ ತಾರೀಖು ಬಿತ್ತು, ಆ ಅಂಕಿ ಬರುವವರೆಗೆ ಕೋಡಿನ ಆ ಭಾಗ ಮುಟ್ಟುವುದಿಲ್ಲ ಎಂದು ಚುರುಕಿನ ಹುಡುಗ ಬರೆದುಕೊಟ್ಟ. ಅವನಿಗೆ ಅದು ಬಹಳ ಕಷ್ಟವಾಯಿತು.

ರಿಪೋರ್ಟಿನ ಹುಡುಗಿಯ ವಿಷಯ ಆ ದಿನ ಯಾರೂ ಎತ್ತಲಿಲ್ಲ. ಅವಳ ಮೇಲೆ ದೂರಿರಲಿಲ್ಲವಲ್ಲ. ಹುಡುಗಿಯರಿಗೆ ರಿಪೋರ್ಟು, ಪಿಪಿಟಿ, ಎಲ್ಲರಿಗೂ ನೆನಪಿಸುವ ಕೆಲಸ ತಾನಾಗಿ ಬಂದು ಬೀಳುವುದನ್ನು ನಾನು ಬ್ಯಾಚಿನ ನಂತರ ಬ್ಯಾಚಿನಲ್ಲಿ ನೋಡುತ್ತೇನೆ. ವೈವಾದಲ್ಲಿ ಹೊರಗಿನ ಎಕ್ಸಾಮಿನರ್ ಕೋಡಿನ ಬಗ್ಗೆ ಕೇಳಿದಾಗ ಅವಳು ಬಾಯಿ ಬಿಡಲಾಗದೆ ನಿಲ್ಲುತ್ತಾಳೆ. ಒಪ್ಪಂದದಲ್ಲಿ ಕೆಲಸ ಹಂಚುವಾಗಲೇ ಪ್ರತಿಯೊಬ್ಬರಿಗೂ ಒಂದು ತಾಂತ್ರಿಕ ಭಾಗ, ಒಂದು ಬರವಣಿಗೆಯ ಭಾಗ ಇರಬೇಕೆಂದು ಈಗ ಹಠ ಹಿಡಿಯುತ್ತೇನೆ.

ಇಷ್ಟಾದರೂ ಪಾಲು ಸಮ ಆಗದಿರಬಹುದು. ಆಗ ಅಂಕದಲ್ಲಿ ಅದು ಕಾಣಬೇಕು. ಇದಕ್ಕೊಂದು ಹಳೆಯ ವಿಧಾನವಿದೆ, ಆಸ್ಟ್ರೇಲಿಯಾದ ಮೆಲ್ಬರ್ನಿನಲ್ಲಿ ರಾಬರ್ಟ್ ಬ್ರೌನ್ ಎಂಬ ಅಧ್ಯಾಪಕ 1995ರಲ್ಲಿ ಬರೆದದ್ದು, ಅಮೆರಿಕದಲ್ಲಿ ರಿಚರ್ಡ್ ಫೆಲ್ಡರ್ ಮತ್ತಿತರರು ತಿದ್ದಿ ಬಳಸಿದ್ದು. ಪ್ರತಿಯೊಬ್ಬರೂ ತಮಗೂ ಉಳಿದವರಿಗೂ ಗುಟ್ಟಾಗಿ ಒಂದು ಮಾತು ಬರೆಯುತ್ತಾರೆ. ಜಾಣತನಕ್ಕಲ್ಲ, ಒಪ್ಪಿಕೊಂಡ ಕೆಲಸವನ್ನು ನಡೆಸಿಕೊಟ್ಟರೇ ಎಂಬುದಕ್ಕೆ ಮಾತ್ರ. ಅತ್ಯುತ್ತಮ ಎಂದರೆ 100, ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ 87.5, ಹೀಗೆ ಇಳಿಯುತ್ತದೆ. ಒಬ್ಬರಿಗೆ ಬಿದ್ದ ಸರಾಸರಿಯನ್ನು ಬ್ಯಾಚಿನ ಸರಾಸರಿಯಿಂದ ಭಾಗಿಸಿ, ಬಂದದ್ದನ್ನು ಪ್ರಾಜೆಕ್ಟಿನ ಅಂಕಕ್ಕೆ ಗುಣಿಸುವುದು. ಪ್ರಾಜೆಕ್ಟಿಗೆ 80 ಬಂದಿದೆ, ನಾಲ್ವರ ಸರಾಸರಿ 100, 87.5, 87.5, 62.5 ಎಂದುಕೊಳ್ಳೋಣ. ಬ್ಯಾಚಿನ ಸರಾಸರಿ ಸುಮಾರು 84. ಕೊನೆಯವರಿಗೆ 0.74, ಅಂದರೆ 59 ಅಂಕ. ಮಧ್ಯದ ಇಬ್ಬರಿಗೆ 83. ಮೊದಲಿನವರಿಗೆ ಲೆಕ್ಕದ ಪ್ರಕಾರ 1.19 ಬರಬೇಕು, ಆದರೆ 1.05ಕ್ಕಿಂತ ಮೇಲೆ ಹೋಗಲು ಬಿಡುವುದಿಲ್ಲ, ಹಾಗಾಗಿ 84. ಈ ಮಿತಿ ಇರುವುದು ಒಳ್ಳೆಯದು. ಎಲ್ಲವನ್ನೂ ಒಬ್ಬನೇ ಹೊತ್ತುಕೊಂಡರೆ ದೊಡ್ಡ ಲಾಭವಿಲ್ಲ ಎಂದು ಅದು ಮೊದಲೇ ಹೇಳಿಬಿಡುತ್ತದೆ.

ಇದರಲ್ಲೂ ಸೋರುವ ಜಾಗಗಳಿವೆ. ನಾಲ್ವರೂ ಮಾತಾಡಿಕೊಂಡು ಎಲ್ಲರಿಗೂ 100 ಬರೆಯಬಹುದು. ಮೂವರು ಗೆಳೆಯರು ಸೇರಿ ಹೊರಗಿನಿಂದ ಬಂದ ಒಬ್ಬರನ್ನು ಇಳಿಸಬಹುದು. ಮೂವರ ಚೀಟಿ ಒಂದೇ ಥರ ಕಠಿಣವಾಗಿದ್ದು ನಾಲ್ಕನೆಯದು ಪೂರಾ ಬೇರೆ ಹೇಳಿದರೆ, ನಾನು ಅಂಕ ಹಾಕುವ ಮುಂಚೆ ಒಪ್ಪಂದದ ಹಾಳೆಯನ್ನೂ ತಾರೀಖುಗಳನ್ನೂ ತೆಗೆದು ನೋಡುತ್ತೇನೆ. ಚೀಟಿಯನ್ನು ಕೊನೆಗೊಂದು ಸಲ ಮಾತ್ರ ಬರೆಸಿದರೆ ಅದು ಶಿಕ್ಷೆಯಷ್ಟೇ ಆಗುತ್ತದೆ, ತಿದ್ದಿಕೊಳ್ಳಲು ಸಮಯವೇ ಇರುವುದಿಲ್ಲ. ಮೊದಲ ರಿವ್ಯೂ ಮುಗಿದ ವಾರದಲ್ಲಿ ಅಂಕವಿಲ್ಲದೆ ಒಮ್ಮೆ ಬರೆಸಿ, ತನಗೆ ಏನು ಬಿತ್ತು ಎಂಬುದನ್ನು ಪ್ರತಿಯೊಬ್ಬರಿಗೂ ಬೇರೆಯಾಗಿ ಕರೆದು ತೋರಿಸಬೇಕು. ಅದಾದ ಮೇಲೂ ಒಬ್ಬರು ಬರದೇ ಹೋದರೆ ಬ್ಯಾಚಿನವರು ಬರಹದಲ್ಲಿ ಎಚ್ಚರಿಕೆ ಕೊಡಬೇಕು, ಅದರ ಪ್ರತಿ ಗೈಡಿಗೆ ಬರಬೇಕು, ಒಂದು ವಾರ ಕಾಯಬೇಕು. ಆಮೇಲೂ ಬದಲಾಗದಿದ್ದರೆ ಅವರಿಗೆ ಪ್ರಾಜೆಕ್ಟಿನ ಒಂದು ತುಂಡನ್ನು ಬೇರೆಯಾಗಿ ಕೊಟ್ಟು, ಅದರ ಮೇಲೆಯೇ ಅಂಕ ಕೊಡುವಂತೆ ಡಿಪಾರ್ಟ್‌ಮೆಂಟನ್ನು ಕೇಳಬೇಕು. ಇದೆಲ್ಲ ಎರಡನೇ ರಿವ್ಯೂ ಒಳಗೆ ಆಗಬೇಕಾದದ್ದು. ರಿಪೋರ್ಟ್ ಬೈಂಡಿಂಗಿಗೆ ಹೋದ ಮೇಲೆ ದೂರು ತಂದರೆ ನನ್ನ ಕೈಯಲ್ಲಿ ಮಾಡಲು ಉಳಿಯುವುದು ಬಹಳ ಕಡಿಮೆ.