ದೊಡ್ಡವ್ವನ ಪ್ರಶ್ನೆ

ಓದುಗ ಬಂಧುಗಳ ಮನೆಗಳಲ್ಲಿ ಈಗ ಮೊಬೈಲ್ ಇಲ್ಲದ ಮನೆ ವಿರಳ. ಅಂತರ್ಜಾಲದಲ್ಲಿ ಯಾವುದಾದರೊಂದು ಖಾತೆಯನ್ನು ತೆರೆದೊಡನೆ, 'ನೀವು ಇಂಥ ಸಾಧನದಿಂದ ಪ್ರವೇಶಿಸಿದ್ದೀರಿ' ಎಂಬ ಸೂಚನೆ ಬರುವುದನ್ನು ತಾವೂ ಕಂಡಿರಬಹುದು. ಆ ಒಂದು ಸಾಲು ಒಬ್ಬ ನಿರಪರಾಧಿ ಹುಡುಗನನ್ನು ನಾಲ್ಕು ಜನರ ಎದುರಿಗೆ ತಲೆತಗ್ಗಿಸಿ ನಿಲ್ಲುವಂತೆ ಮಾಡಿತು. ಅದಕ್ಕೆ ಕಾರಣರು ನಾವೇ.

ರಾಯಚೂರಿನಲ್ಲಿ ಗಣಕಯಂತ್ರದ ಕೆಲಸವನ್ನೇ ಜೀವನೋಪಾಯವಾಗಿ ಮಾಡಿಕೊಂಡಿರುವ ನಾವು, ವಿದ್ಯಾರ್ಥಿಗಳ ಒಂದು ಪ್ರಸಾದ ನಿಲಯಕ್ಕಾಗಿ ಅರ್ಜಿ ತುಂಬುವ ಜಾಲತಾಣವನ್ನು ಸಿದ್ಧಪಡಿಸಿಕೊಟ್ಟಿದ್ದೆವು. ಅರ್ಜಿದಾರರ ಪುಟದ ಕೆಳಭಾಗದಲ್ಲಿ, ಅವರ ಖಾತೆಯನ್ನು ಯಾವ ಯಾವ ಸಾಧನದಿಂದ ಎಷ್ಟು ಗಂಟೆಗೆ ತೆರೆಯಲಾಯಿತೆಂಬುದನ್ನು ತೋರಿಸುವ ಪಟ್ಟಿಯೊಂದನ್ನು ಇಟ್ಟಿದ್ದೆವು. ನೋಡಿದವರು ಮೆಚ್ಚಿದರು. ನಮಗೂ ಒಳಗೊಳಗೇ ಹೆಮ್ಮೆ.

ಒಂದು ಸಂಜೆ ದೇವದುರ್ಗದಿಂದ ನಮ್ಮ ದೊಡ್ಡವ್ವನ ಕರೆ ಬಂತು. ಮೊಮ್ಮಗನ ಅರ್ಜಿಯನ್ನು ಆಕೆಯೇ ತನ್ನ ಮೊಬೈಲಿನಲ್ಲಿ ನೋಡಿಕೊಳ್ಳುತ್ತಿದ್ದಳು.

"ತಮ್ಮಾ, ನಾ ಕೈಯಾಗ ಹಿಡಕೊಂಡಿದ್ದು ಏನಂತ ನಿಮ್ಮ ಯಂತ್ರ ತಿಳಕೊಂಡದ? ಇಲ್ಲಿ ಲಿನಕ್ಸ್ ಕಂಪ್ಯೂಟರ್ ಅಂತ ಬರದದ. ನಮ್ಮ ಮನ್ಯಾಗ ಕಂಪ್ಯೂಟರ್ ಎಲ್ಲದ?"

ನಾವು ಪಟ್ಟಿಯನ್ನು ತೆರೆದು ನೋಡಿದೆವು. 6 ಗಂಟೆ 42 ನಿಮಿಷಕ್ಕೆ ಮೊಬೈಲ್, 7 ಗಂಟೆ 5 ನಿಮಿಷಕ್ಕೆ ಕಂಪ್ಯೂಟರ್ ಎಂದಿತ್ತು. ಹಿಂದುಮುಂದು ಯೋಚಿಸದೆ, "ದೊಡ್ಡವ್ವ, ಯಾರೋ ಕಂಪ್ಯೂಟರಿನಿಂದ ನಿಮ್ಮ ಖಾತೆ ತೆರೆದಾರ" ಎಂದುಬಿಟ್ಟೆವು. ಆಕೆಗೆ ಒಡನೆ ನೆನಪಾದದ್ದು ಬಸ್ ನಿಲ್ದಾಣದ ಬಳಿಯ ಆನ್‌ಲೈನ್ ಅಂಗಡಿಯ ಹುಡುಗ. ಮೊದಲ ಸಲ ಅರ್ಜಿ ತುಂಬಿಕೊಟ್ಟವನು ಅವನೇ. ಮರುದಿನ ಬೆಳಿಗ್ಗೆ ಗಿರಾಕಿಗಳ ಎದುರಿನಲ್ಲಿಯೇ ಅವನನ್ನು ತರಾಟೆಗೆ ತೆಗೆದುಕೊಂಡಳೆಂದು ನಮಗೆ ಆಮೇಲೆ ತಿಳಿಯಿತು. "ನಾ ತೆಗದಿಲ್ಲ ಅಮ್ಮಾರೆ" ಎಂಬ ಅವನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಯಂತ್ರವೇ ಹೇಳಿತ್ತಲ್ಲವೆ!

ಆ ರಾತ್ರಿ ನಮಗೆ ಒಂದು ಸಂಶಯ ಕಾಡತೊಡಗಿತು. ನಮ್ಮ ಕಡೆಯ ಊರುಗಳ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದು ವಿಂಡೋಸ್. ಲಿನಕ್ಸ್ ಅಪರೂಪ. ಹಾಗಾದರೆ ಈ ಲಿನಕ್ಸ್ ಎಲ್ಲಿಂದ ಬಂತು? ಸರ್ವರಿನ ದಾಖಲೆಯಲ್ಲಿ ಆ ಎರಡು ಸಾಲುಗಳನ್ನು ಹುಡುಕಿ ತೆಗೆದೆವು.

```
Mozilla/5.0 (Linux; Android 10; K) AppleWebKit/537.36 (KHTML, like Gecko) Chrome/124.0.0.0 Mobile Safari/537.36
Mozilla/5.0 (X11; Linux x86_64) AppleWebKit/537.36 (KHTML, like Gecko) Chrome/124.0.0.0 Safari/537.36
```

ಬ್ರೌಸರ್ ಯಾವುದೇ ಜಾಲತಾಣದ ಪುಟವನ್ನು ಬೇಡುವಾಗ ತನ್ನ ಪರಿಚಯವೆಂದು ಕಳುಹಿಸುವ ಸಾಲು ಇದು. ಇದಕ್ಕೆ ಯೂಸರ್ ಏಜೆಂಟ್ ಎನ್ನುತ್ತಾರೆ. ಸಾಧನವನ್ನು ನಾವು ಕಣ್ಣಿನಿಂದ ಕಾಣುವುದಿಲ್ಲ. ಬ್ರೌಸರ್ ಹೇಳಿದ್ದನ್ನು ಕೇಳುತ್ತೇವೆ, ಅಷ್ಟೆ. ಆ ಪರಿಚಯವಾದರೂ ಎಂಥದು? ಮೊದಲಿಗಿರುವ ಮೊಜಿಲ್ಲಾ ಎಂಬ ಹೆಸರು 1990ರ ದಶಕದ ನೆಟ್‌ಸ್ಕೇಪ್ ಬ್ರೌಸರಿನದು. ಒಳ್ಳೆಯ ಪುಟಗಳು ಆ ಹೆಸರಿನವರಿಗೆ ಮಾತ್ರ ಸಿಗುತ್ತಿದ್ದ ಕಾಲದಲ್ಲಿ ಉಳಿದ ಬ್ರೌಸರುಗಳೂ ಅದೇ ಹೆಸರನ್ನು ಹಚ್ಚಿಕೊಂಡವು. ಇಂದಿಗೂ ಬಿಟ್ಟಿಲ್ಲ. ಪಂಕ್ತಿಯಲ್ಲಿ ಜಾಗ ಸಿಗಲೆಂದು ದೊಡ್ಡ ಮನೆತನದ ಹೆಸರು ಹೇಳಿಕೊಂಡ ಬೀಗರಂತೆ!

ಎರಡನೆಯ ಸಾಲಿನಲ್ಲಿ ಆಂಡ್ರಾಯ್ಡ್ ಎಂಬ ಮಾತೂ ಇಲ್ಲ, ಮೊಬೈಲ್ ಎಂಬ ಮಾತೂ ಇಲ್ಲ. ಆದರೆ ಮೊಬೈಲಿನ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ `Desktop site` ಎಂಬುದಕ್ಕೆ ಗುರುತು ಹಾಕಿದರೆ, ಅದು ಕಳುಹಿಸುವುದು ಈ ಸಾಲನ್ನೇ. ಕಂಪ್ಯೂಟರಿಗಾಗಿ ಮಾಡಿದ ಅಗಲವಾದ ಪುಟ ದೊರೆಯಲೆಂದು ಮೊಬೈಲು ತಾನು ಕಂಪ್ಯೂಟರೆಂದು ಹೇಳಿಕೊಳ್ಳುತ್ತದೆ. ನಮ್ಮ ಪ್ರೋಗ್ರಾಮು ಅದನ್ನು ನಂಬಿತು. ನಾವು ಪ್ರೋಗ್ರಾಮನ್ನು ನಂಬಿದೆವು.

ಇದಿನ್ನೂ ಊಹೆಯೇ. ತೀರ್ಮಾನಕ್ಕೆ ಬೇರೆ ಸಾಕ್ಷಿ ಬೇಕಿತ್ತು. ಖಾತೆಯೊಳಗೆ ಬಂದವರಿಗೆ ನಮ್ಮ ಸರ್ವರು ಕುಕೀ ಎಂಬ ಗುರುತಿನ ಚೀಟಿಯೊಂದನ್ನು ಕೊಡುತ್ತದೆ; ಬ್ರೌಸರ್ ಅದನ್ನು ತನ್ನಲ್ಲಿಟ್ಟುಕೊಂಡು ಪ್ರತಿ ಸಲವೂ ತೋರಿಸುತ್ತದೆ. ಅಂಗಡಿಯ ಕಂಪ್ಯೂಟರಿನಿಂದ ಹೊಸದಾಗಿ ಬಂದಿದ್ದರೆ ಮತ್ತೆ ಓಟಿಪಿ ಕೇಳಬೇಕಿತ್ತು, ಹೊಸ ಚೀಟಿ ಹುಟ್ಟಬೇಕಿತ್ತು. ದಾಖಲೆಯಲ್ಲಿ 6:42ರಿಂದ 7:05ರವರೆಗೆ ಒಂದು ಓಟಿಪಿಯೂ ಹೋಗಿರಲಿಲ್ಲ. ಎರಡೂ ಸಾಲುಗಳ ಚೀಟಿ ಒಂದೇ. ಅಂದರೆ ಎರಡು ಸಲವೂ ಬಂದದ್ದು ಒಂದೇ ಬ್ರೌಸರ್ ಎಂದು ಹೆಚ್ಚುಕಡಿಮೆ ಖಚಿತವಾಗಿ ಹೇಳಬಹುದಿತ್ತು. ಆ ಮೊಬೈಲು ಯಾರ ಕೈಯಲ್ಲಿತ್ತೆಂಬುದನ್ನು ಮಾತ್ರ ಯಾವ ಚೀಟಿಯೂ ಹೇಳದು.

ಬೆಳಗಾಗುತ್ತಲೇ ಕರೆ ಮಾಡಬೇಕೆಂದರೆ ದೊಡ್ಡವ್ವ ಕರೆಯನ್ನು ಎತ್ತಲಿಲ್ಲ. ಆ ಹೊತ್ತಿಗೆ ಆಕೆ ಅಂಗಡಿಯ ಮುಂದಿದ್ದಳು. ಬಸ್ಸು ಹತ್ತಿ ದೇವದುರ್ಗಕ್ಕೆ ಹೋದೆವು. ಮೊಬೈಲನ್ನು ತೆರೆದು ನೋಡಿದರೆ `Desktop site` ಮುಂದೆ ಗುರುತು ಹಾಗೆಯೇ ಇದೆ. "ಅಂಕಪಟ್ಟಿ ಏರಿಸೋ ಗುಂಡಿ ಕಾಣಾಂಗಿಲ್ಲಾಗಿತ್ತು ಕಾಕಾ, ಅದಕ್ಕ ದೊಡ್ಡದು ಮಾಡಿದೆ" ಎಂದ ಮೊಮ್ಮಗ. ಗುಂಡಿ ಸಣ್ಣ ಪರದೆಯಲ್ಲಿ ಮರೆಯಾಗಿದ್ದೂ ನಮ್ಮದೇ ತಪ್ಪು. ಅಂಗಡಿಗೆ ಹೋಗಿ ಆ ಹುಡುಗನ ಎದುರು ತಪ್ಪೊಪ್ಪಿಕೊಂಡೆವು. ಅವನು ಹೆಚ್ಚೇನೂ ಆಡಲಿಲ್ಲ. "ನಿನ್ನೆ ಸಂಜಿ ಅಂಗಡಿನೇ ಮುಚ್ಚಿತ್ರಿ, ಯಾರೂ ಕೇಳಲಿಲ್ಲ" ಎಂದ.

ಇದಾದ ವಾರದಲ್ಲೇ ಮಾನ್ವಿಯಿಂದ ಶಿಕ್ಷಕರೊಬ್ಬರ ಕರೆ. ಆಂಡ್ರಾಯ್ಡ್ 14 ಎಂದು ಹೇಳಿ ಹೊಸ ಮೊಬೈಲು ಮಾರಿದ ಅಂಗಡಿಯವ ಮೋಸ ಮಾಡಿದ್ದಾನೆ, ನಿಮ್ಮ ಪುಟದಲ್ಲಿ ಆಂಡ್ರಾಯ್ಡ್ 10 ಎಂದಿದೆ, ಹಣ ಹಿಂದಕ್ಕೆ ಕೇಳಲು ಹೊರಟಿದ್ದೇನೆ ಎಂದರು. ಈ ಸಲ ನಾವು ಅವಸರಿಸಲಿಲ್ಲ. ಮೇಲಿನ ಮೊದಲ ಸಾಲನ್ನು ಮತ್ತೊಮ್ಮೆ ನೋಡಿರಿ. 2023ರಿಂದ ಕ್ರೋಮ್ ಹಂತಹಂತವಾಗಿ ಎಲ್ಲ ಆಂಡ್ರಾಯ್ಡ್ ಮೊಬೈಲುಗಳ ಪರವಾಗಿಯೂ ಆವೃತ್ತಿಯ ಜಾಗದಲ್ಲಿ 10 ಎಂದೂ, ಮಾದರಿಯ ಹೆಸರಿನ ಜಾಗದಲ್ಲಿ ಬರಿಯ `K` ಎಂದೂ ಹೇಳತೊಡಗಿತು. ಇಂಥ ವಿವರಗಳನ್ನೆಲ್ಲ ಕೂಡಿಸಿಕೊಂಡು ಜಾಲತಾಣಗಳು ಒಬ್ಬೊಬ್ಬರನ್ನೂ ಗುರುತುಹಿಡಿದು ಹಿಂಬಾಲಿಸಬಾರದೆಂಬುದು ಉದ್ದೇಶ. ಆದ್ದರಿಂದ 10 ಎಂದು ಕಂಡರೆ 14 ಅಲ್ಲವೆಂದು ಅರ್ಥವಲ್ಲ, 14 ಎಂದೂ ಅರ್ಥವಲ್ಲ. ವಿಂಡೋಸ್ 11ರ ಕಂಪ್ಯೂಟರೂ ಹೀಗೆಯೇ 10 ಎಂದು ಹೇಳಿಕೊಳ್ಳುತ್ತದೆ. ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್ ಎಂಬಲ್ಲಿ ನೋಡಿರೆಂದು ಅವರಿಗೆ ತಿಳಿಸಿದೆವು. ಅಲ್ಲಿ 14 ಇತ್ತು.

ಬೇರೆಯಾಗಿ ಕೇಳಿದರೆ ಕ್ರೋಮ್ ಮಾದರಿಯ ಹೆಸರನ್ನು ಕೊಡುವುದುಂಟು. ಫೈರ್‌ಫಾಕ್ಸ್, ಸಫಾರಿಗಳು ಕೊಡುವುದಿಲ್ಲ. ಪ್ರಸಾದ ನಿಲಯದ ಅರ್ಜಿಗೆ ಯಾರ ಮೊಬೈಲು ಯಾವ ಮಾದರಿಯದೆಂಬುದು ಏಕೆ ಬೇಕು? ಕೇಳದಿರುವುದೇ ಮೇಲೆಂದು ಬಿಟ್ಟೆವು.

ಪಟ್ಟಿಯ ಮಾತುಗಳನ್ನು ಮಾತ್ರ ತಿದ್ದಿದೆವು. ಈಗ ಅಲ್ಲಿ, 'ಬ್ರೌಸರ್ ತಿಳಿಸಿದಂತೆ ಆಂಡ್ರಾಯ್ಡ್ ಮೊಬೈಲ್ ಇರಬಹುದು. ಆವೃತ್ತಿ, ಮಾದರಿ ತಿಳಿಯದು' ಎಂದಿದೆ. ಕಂಪ್ಯೂಟರ್ ಎಂದು ಬಂದೆಡೆ, 'ಮೊಬೈಲಿನಲ್ಲಿ ಡೆಸ್ಕ್‌ಟಾಪ್ ಪುಟ ತೆರೆದರೂ ಹೀಗೆ ಕಾಣುವುದು' ಎಂದು ಸೇರಿಸಿದ್ದೇವೆ. ಹೊಸ ಓಟಿಪಿಯಿಂದ ಆದ ಪ್ರವೇಶವನ್ನು ಬೇರೆ ಸಾಲಿನಲ್ಲಿ ತೋರಿಸುತ್ತೇವೆ. ಹೆದರಬೇಕಾದುದು ಏನಾದರೂ ಇದ್ದರೆ ಅದು ಕಾಣುವುದು ಅಲ್ಲಿ. ಮೆಚ್ಚಿದ್ದವರಲ್ಲಿ ಕೆಲವರು, ಮೊದಲಿನದೇ ಚೆನ್ನಾಗಿತ್ತು, ಇದು ಹಿಂಜರಿದು ಮಾತಾಡಿದಂತಿದೆ ಎಂದರು. ಇರಲಿ.

ಮೊನ್ನೆ ದೊಡ್ಡವ್ವ ಮತ್ತೆ ಕರೆ ಮಾಡಿ, "ಈಗ ಹೇಳು ತಮ್ಮಾ, ನನ್ನ ಕೈಯಾಗ ಏನದ?" ಎಂದಳು.

"ಆಂಡ್ರಾಯ್ಡ್ ಫೋನ್ ಇದ್ದಂಗದ ದೊಡ್ಡವ್ವ. ಯಾವ ಕಂಪನಿದು ಅಂತ ನಮಗ ಗೊತ್ತಾಗಂಗಿಲ್ಲ."

"ಇಷ್ಟು ಹೇಳಾಕ ಅಷ್ಟು ದೊಡ್ಡ ಯಂತ್ರ ಬೇಕೇನು?" ಎಂದು ನಕ್ಕು, ಮೊಮ್ಮಗನ ಅರ್ಜಿ ಏನಾಯಿತೆಂದು ಕೇಳಿದಳು. ಆ ಅಂಗಡಿಯ ಹುಡುಗನಿಗೆ ಊರ ಜಾತ್ರೆಗೆ ಮನೆಗೆ ಊಟಕ್ಕೆ ಹೇಳಿದ್ದಾಳಂತೆ. ಅವನು ಬರುತ್ತೇನೆಂದು ಇನ್ನೂ ಹೇಳಿಲ್ಲ.