ಹೆಸರು ತೆಗೆದು ಓದಿ ನೋಡಿ

‘ಅವಿರತ ಶ್ರಮ, ಸಮರ್ಪಣಾ ಮನೋಭಾವ, ಸದಾ ನಗುಮುಖ. ನಮ್ಮ ಈ ತಿಂಗಳ ಉದ್ಯೋಗಿಗೆ ಅಭಿನಂದನೆಗಳು!’ ಜೊತೆಗೆ ಹೂಗುಚ್ಛ ಹಿಡಿದು ನಿಂತ ಒಂದು ಫೋಟೊ. ನಿಮ್ಮ ಫೀಡ್‌ನಲ್ಲೂ ಇಂಥದ್ದು ಆಗಾಗ ಬರುತ್ತೆ ಅಲ್ವಾ? ಆ ಹೆಸರು ತೆಗೆದು ಅಕೌಂಟ್ಸ್‌ನವರ ಹೆಸರು ಹಾಕಿ, ಡ್ರೈವರ್ ಹೆಸರು ಹಾಕಿ. ಒಂದಕ್ಷರವೂ ಬದಲಾಯಿಸಬೇಕಿಲ್ಲ. ಆ ಬರಹ ಯಾರ ಬಗ್ಗೆಯೂ ಅಲ್ಲ ಅಂತ ಗೊತ್ತಾಗೋಕೆ ಅಷ್ಟು ಸಾಕು.

ನಾನು ಪೀಣ್ಯದಲ್ಲಿ ಬೇರಿಂಗ್ ಮಾರುವ ಒಂದು ಕಂಪನಿಯ ಎಚ್‌ಆರ್. ತಿಂಗಳಿಗೊಮ್ಮೆ ಈ ಕ್ಯಾಪ್ಷನ್ ಬರೆಯೋದೂ ನನ್ನ ಪಾಲಿಗೇ. ಕಳೆದ ಸಲ ಆಯ್ಕೆಯಾದವರು ಡಿಸ್ಪ್ಯಾಚ್‌ನ ಅಕ್ಕ. ಅವರ ಬಗ್ಗೆ ಮ್ಯಾನೇಜರ್ ಕಳಿಸಿದ್ದು ಎರಡೇ ಪದ: ‘ತುಂಬಾ ಸಿನ್ಸಿಯರ್’. ಅದರಿಂದ ಕ್ಯಾಪ್ಷನ್ ಆಗಲ್ಲ. ಟೀ ಹಿಡಿದುಕೊಂಡು ಗೋಡೌನ್‌ಗೇ ಹೋದೆ.

‘ಏನು ಸಾಧನೆ ಮಾಡಿದ್ರಿ ಅಕ್ಕ?’ ಅಂತ ನಾನು ಯಾರನ್ನೂ ಕೇಳೋದಿಲ್ಲ. ಕೇಳಿದರೆ ‘ಏನಿಲ್ಲ ಮೇಡಂ, ನನ್ನ ಕೆಲ್ಸ ಮಾಡ್ದೆ ಅಷ್ಟೇ’ ಅನ್ನೋ ಉತ್ತರ ಗ್ಯಾರಂಟಿ. ಕೇಳಬೇಕಾದ್ದು, ‘ಮೊದ್ಲು ಇಲ್ಲಿ ಹೇಗಿತ್ತು?’ ಅಂತ. ಅಷ್ಟು ಕೇಳಿದ್ದೇ ತಡ, ಅಕ್ಕ ಎರಡು ಬಾಕ್ಸ್ ತಂದು ನನ್ನ ಮುಂದಿಟ್ಟರು. 6204 ಮತ್ತು 6303. ಎರಡೂ ಬೇರಿಂಗ್‌ಗಳ ಹೊರ ವ್ಯಾಸ 47 ಮಿ.ಮೀ., ದಪ್ಪ 14 ಮಿ.ಮೀ. ವ್ಯತ್ಯಾಸ ಇರೋದು ಒಳಗಿನ ತೂತಿನಲ್ಲಿ: ಒಂದರದ್ದು 20, ಇನ್ನೊಂದರದ್ದು 17. ಬಾಕ್ಸ್‌ಗಳೂ ಹೆಚ್ಚುಕಮ್ಮಿ ಒಂದೇ ಗಾತ್ರ ಅಂತ ಅಕ್ಕಪಕ್ಕ ಜೋಡಿಸಿದ್ದರಂತೆ. ಸಂಜೆ ಲಾರಿ ಬರೋ ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದು ಹೋಗ್ತಿತ್ತು. ಗಿರಾಕಿಗೆ ಗೊತ್ತಾಗೋದು ಮೋಟರ್ ಬಿಚ್ಚಿ ಶಾಫ್ಟ್‌ಗೆ ಹಾಕೋಕೆ ಹೋದಾಗಲೇ. ಒಂದು ಶನಿವಾರ ಮಧ್ಯಾಹ್ನ ಅಕ್ಕ 6303 ಅನ್ನು ಎದುರಿನ ರ‍್ಯಾಕ್‌ಗೆ ಸಾಗಿಸಿ, ಆ ಅಂಕಣದ ಅಂಚಿಗೆ ಹಳದಿ ಟೇಪ್ ಸುತ್ತಿದರು.

ಕತೆ ಸಿಕ್ಕಿತು ಅಂತ ಅಲ್ಲಿಗೇ ಬಿಡೋ ಹಾಗಿಲ್ಲ. ರಿಟರ್ನ್ಸ್ ರಿಜಿಸ್ಟರ್ ತೆಗೆದು ನೋಡಿದೆ. ಏಪ್ರಿಲ್‌ನಿಂದ ಜೂನ್‌ವರೆಗೆ ‘ತಪ್ಪು ಬೇರಿಂಗ್’ ಅಂತ ವಾಪಸ್ ಬಂದದ್ದು 14 ಬಾಕ್ಸ್, ಜುಲೈನಿಂದ ಸೆಪ್ಟೆಂಬರ್‌ವರೆಗೆ ಒಂದು. ಆರ್ಡರ್‌ಗಳೇ ಕಮ್ಮಿಯಾಗಿ ಹೀಗಾಗಿರಬಹುದಾ ಅಂತ ಬಿಲ್‌ಗಳನ್ನೂ ಎಣಿಸಿದೆ. ಎರಡೂ ಅವಧಿಯಲ್ಲಿ ಹೆಚ್ಚುಕಮ್ಮಿ ಸಮ ಇದ್ದವು. ಆಮೇಲೆ ಬರೆದದ್ದು ಇಷ್ಟು:

‘6204, 6303: ಹೊರಗಿನಿಂದ ನೋಡಿದರೆ ಅವಳಿ ಮಕ್ಕಳು. ಇವನ್ನು ದೂರ ಮಾಡಿದವರು ನಮ್ಮ ಡಿಸ್ಪ್ಯಾಚ್‌ನ ಇವರು. ಖರ್ಚಾದದ್ದು ಒಂದು ರೋಲ್ ಹಳದಿ ಟೇಪ್, ಒಂದು ಶನಿವಾರ ಮಧ್ಯಾಹ್ನ. ಮೂರು ತಿಂಗಳಲ್ಲಿ 14 ಬಾಕ್ಸ್ ವಾಪಸ್ ಬರ್ತಿದ್ದ ಕಡೆ ಈಗ ಒಂದು.’

ಫೋನಿನಲ್ಲಿ ಮೊದಲ ಎರಡು ಮೂರು ಸಾಲು ಮಾತ್ರ ಕಾಣುತ್ತೆ, ಉಳಿದದ್ದು ಒತ್ತಿದರೆ ತೆರೆಯುತ್ತೆ. ‘ಅಭಿನಂದನೆಗಳು’ ಅಂತ ಫೋಟೊ ಮೇಲೇ ಇದೆಯಲ್ಲ, ಆ ಜಾಗವನ್ನು ಅದಕ್ಕೇ ಮತ್ತೆ ಯಾಕೆ ಕೊಡಬೇಕು? ಅದಕ್ಕೇ ಬೇರಿಂಗ್ ನಂಬರ್ ಮುಂದೆ ಬಂತು. ನಮ್ಮ ಗಿರಾಕಿಗಳ ಕಣ್ಣು ನಿಲ್ಲೋದೂ ಅಲ್ಲೇ.

ಬಾಸ್ ಓದಿ ಹುಬ್ಬೇರಿಸಿದರು. ‘ಅಲ್ರೀ, ನಾವು 14 ಬಾಕ್ಸ್ ತಪ್ಪು ಕಳಿಸಿದ್ವಿ ಅಂತ ಊರಿಗೆಲ್ಲ ಡಂಗುರ ಸಾರ್ತೀರಾ?’ ನ್ಯಾಯವಾದ ಪ್ರಶ್ನೆ. ಆದರೆ ಅದಕ್ಕೆ ಅವರು ಸೂಚಿಸಿದ ಪರಿಹಾರ ‘ಸಪ್ಲೈ ಚೈನ್‌ನಲ್ಲಿ ಕ್ರಾಂತಿ’ ಅನ್ನೋ ಸಾಲು! ಟೇಪ್ ಸುತ್ತಿದ ಕೆಲಸಕ್ಕೆ ಕ್ರಾಂತಿ ಅಂದರೆ ಗೋಡೌನ್‌ನವರೇ ಮೊದಲು ನಗ್ತಾರೆ. ಆಮೇಲೆ ಅಕ್ಕನ್ನ ಕಾಲೆಳೀತಾರೆ. ಕೊನೆಗೆ ಎರಡು ಪಾಠ ಮಾಡಿದೆವು. ಆಫೀಸ್ ವಾಟ್ಸ್ಆ್ಯಪ್ ಗ್ರೂಪ್‌ಗೆ ಅಂಕಿ ಸಮೇತ. ಲಿಂಕ್ಡ್‌ಇನ್‌ಗೆ ಕೊನೇ ಸಾಲು ಬದಲಾಯಿಸಿ, ‘ಈಗ ಆತುರದಲ್ಲೂ ಕೈ ಸರಿಯಾದ ರ‍್ಯಾಕ್‌ಗೇ ಹೋಗುತ್ತೆ’ ಅಂತ. ಅಂಕಿ ಹೋದರೂ ವಿಷಯ ಉಳೀತು, ಯಾಕಂದ್ರೆ ಹಳದಿ ಟೇಪ್ ಇನ್ನೂ ಅಲ್ಲಿದೆ.

ಪೋಸ್ಟ್ ಮಾಡೋ ಮುಂಚೆ ಅಕ್ಕನಿಗೆ ಓದಿ ಹೇಳಿದೆ. ಇದನ್ನು ನಾನು ಎಂದೂ ಬಿಡೋದಿಲ್ಲ. ಹೆಸರು, ಮುಖ ಅವರದ್ದು ತಾನೇ. ಅಕ್ಕ ಪೂರ್ತಿ ಕೇಳಿ, ‘ಬಾಕ್ಸ್ ಎತ್ತಿ ಕೊಟ್ಟಿದ್ದು ಲೋಡಿಂಗ್ ಹುಡುಗ ಮೇಡಂ. ಅವ್ನ ಹೆಸ್ರು ಹಾಕ್ದೆ ಇದ್ರೆ ನಾಳೆ ಅವ್ನ ಮುಖ ಹೇಗೆ ನೋಡ್ಲಿ?’ ಅಂದರು. ಎರಡನೇ ಸಾಲಿನಲ್ಲಿ ಅವನ ಹೆಸರೂ ಸೇರಿತು. ಹೂಗುಚ್ಛದ ಫೋಟೊ ಬೇಡ ಅಂದದ್ದೂ ಅಕ್ಕನೇ. ಇಬ್ಬರೂ ಆ ಹಳದಿ ಅಂಚಿನ ರ‍್ಯಾಕ್ ಮುಂದೆ ನಿಂತರು, ಹುಡುಗ ಮಾತ್ರ ಓಡಿಹೋಗಿ ತಲೆ ಬಾಚ್ಕೊಂಡು ಬಂದ.