ಮಾವನ ಗಂಟಿನ ಹತ್ತು ಸಾವಿರ ದಾರಿಗಳು

ನಮ್ಮ ಸೋದರಮಾವ ಖಾಸಗಿ ಕಂಪನಿಯೊಂದರಿಂದ ನಿವೃತ್ತರಾದಾಗ ಕೈಗೆ ಬಂದದ್ದು 60 ಲಕ್ಷ ರೂಪಾಯಿ. ಪಿಂಚಣಿ ಎಂದು ಹೇಳಿಕೊಳ್ಳುವಂಥದ್ದೇನೂ ಇಲ್ಲ. ಮನೆ ಸ್ವಂತದ್ದು, ತಿಂಗಳಿಗೆ 20 ಸಾವಿರ ಸಾಕು ಎಂಬುದು ಅವರ ಲೆಕ್ಕ. ಅಷ್ಟರಲ್ಲಿ ಮಗ ಸೈಟಿಗೆಂದು 10 ಲಕ್ಷ ಕೇಳಿದ. "ನೀನು ಸಂಖ್ಯಾಶಾಸ್ತ್ರದಲ್ಲಿ ಪಿಎಚ್.ಡಿ. ಮಾಡ್ತಿದ್ದೀಯಲ್ಲಮ್ಮ, ಕೊಟ್ಟರೆ ನಮಗೆ ಸಾಲುತ್ತಾ ಹೇಳು" ಅಂದರು ಮಾವ.

ಅವರೇ ಒಂದು ಲೆಕ್ಕ ಬರೆದಿಟ್ಟಿದ್ದರು. ಸ್ವಲ್ಪ ಷೇರು ನಿಧಿ, ಸ್ವಲ್ಪ ಠೇವಣಿ, ಸರಾಸರಿ ಗಳಿಕೆ ವರ್ಷಕ್ಕೆ ಶೇ. 9. ಬೆಲೆಯೇರಿಕೆ ಶೇ. 6, ಖರ್ಚೂ ಅದರ ಜೊತೆಗೇ ಏರುತ್ತದೆ. ಹೀಗೆ ಹಿಡಿದರೆ 60 ಲಕ್ಷ 41 ವರ್ಷ ಬರುತ್ತದೆ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಪ್ರತಿ ವರ್ಷವೂ ಸರಿಯಾಗಿ ಶೇ. 9 ಕೊಡುವ ಮಾರುಕಟ್ಟೆ ಎಲ್ಲಿದೆ?

ಮೂರೇ ವರ್ಷದ ಉದಾಹರಣೆ ನೋಡಿ. ಒಂದು ವರ್ಷ ಶೇ. 20 ನಷ್ಟ, ಒಂದು ವರ್ಷ ಶೇ. 10 ಲಾಭ, ಇನ್ನೊಂದು ವರ್ಷ ಶೇ. 40 ಲಾಭ. ಹಣ ಮುಟ್ಟದೆ ಇಟ್ಟರೆ ಯಾವ ಕ್ರಮದಲ್ಲಿ ಬಂದರೂ 60 ಲಕ್ಷ 73.92 ಲಕ್ಷವಾಗುತ್ತದೆ. ಆದರೆ ಪ್ರತಿ ವರ್ಷದ ಆರಂಭದಲ್ಲಿ 2.4 ಲಕ್ಷ ತೆಗೆದರೆ ಕ್ರಮ ಮುಖ್ಯವಾಗುತ್ತದೆ. ನಷ್ಟ ಮೊದಲು ಬಂದರೆ ಕೊನೆಗೆ ಉಳಿಯುವುದು 63.91 ಲಕ್ಷ, ಅದೇ ಗಳಿಕೆಗಳು ತಿರುಗುಮುರುಗಾಗಿ ಬಂದರೆ 66.93 ಲಕ್ಷ. ಸರಾಸರಿ ಒಂದೇ, ವ್ಯತ್ಯಾಸ ಮಾತ್ರ ಒಂದು ವರ್ಷದ ಸಂಸಾರಕ್ಕಿಂತ ಹೆಚ್ಚು. ಬೆಲೆ ಕುಸಿದ ವರ್ಷ ಮಾರಿ ತಿಂದ ಯೂನಿಟ್ಟುಗಳು, ಮುಂದೆ ಬೆಲೆ ಏರಿದಾಗ ಏರಲು ಉಳಿದಿರುವುದಿಲ್ಲ.

ಯಾವ ಕ್ರಮ ಬರುತ್ತದೆ ಎಂದು ಗೊತ್ತಿಲ್ಲದಿದ್ದರೆ ಸಾವಿರಾರು ಕ್ರಮಗಳನ್ನು ಆಡಿಸಿ ನೋಡುವುದೇ ದಾರಿ. 1946ರಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಗಣಿತಜ್ಞ ಸ್ಟಾನಿಸ್ಲಾವ್ ಉಲಮ್ ಒಬ್ಬರೇ ಇಸ್ಪೀಟು ಆಡುತ್ತ, ಗೆಲ್ಲುವ ಸಾಧ್ಯತೆಯನ್ನು ಸೂತ್ರದಿಂದ ಹುಡುಕುವ ಬದಲು ನೂರಾರು ಸಲ ಆಡಿ ಎಣಿಸಿದರೇನು ಎಂದು ಯೋಚಿಸಿದರು. ಅದೇ ಮುಂದೆ ಮಾಂಟೆ ಕಾರ್ಲೊ ವಿಧಾನವಾಯಿತು. ಸಾಲ ಮಾಡಿಯಾದರೂ ಆ ಊರಿಗೆ ಜೂಜಾಡಲು ಹೋಗುತ್ತಿದ್ದ ಉಲಮ್‌ರ ಬಂಧುವೊಬ್ಬರ ನೆನಪಿಗೆ ಈ ಹೆಸರಂತೆ. ನಮ್ಮ ಮಾವನಿಗೆ ಈ ಕಥೆ ಹೇಳಲಿಲ್ಲ.

ನಾನು ಮಾಡಿದ್ದು ಇಷ್ಟೇ. ಸರಾಸರಿ ಶೇ. 9, ಏರಿಳಿತದ ಅಳತೆಯಾದ ಮಾನಕ ವಿಚಲನೆ ಶೇ. 12 ಇರುವ ಗಂಟೆಯಾಕಾರದ ಹಂಚಿಕೆಯಿಂದ ವರ್ಷಕ್ಕೊಂದು ಗಳಿಕೆಯನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ಎತ್ತುತ್ತದೆ. ಆ ವರ್ಷದ ಖರ್ಚು ಕಳೆದು, ಉಳಿದದ್ದನ್ನು ಬೆಳೆಸಿ ಮುಂದಿನ ವರ್ಷಕ್ಕೆ ಹೋಗುತ್ತದೆ. 30 ವರ್ಷ ಮುಗಿದರೆ ಒಂದು ದಾರಿ. ಅಂಥ 10 ಸಾವಿರ ದಾರಿಗಳಲ್ಲಿ ಎಷ್ಟರಲ್ಲಿ ಹಣ ಉಳಿಯಿತು ಎಂದು ಎಣಿಸಿದೆ. ಸರಾಸರಿಯ ಪ್ರಕಾರ 41 ವರ್ಷ ಬರಬೇಕಾದ ಗಂಟು, ನೂರಕ್ಕೆ ಸುಮಾರು 60 ದಾರಿಗಳಲ್ಲಿ ಮಾತ್ರ 30 ವರ್ಷ ಮುಟ್ಟಿತು. ಮಗನಿಗೆ 10 ಲಕ್ಷ ಕೊಟ್ಟರೆ ಅದು 40ರ ಆಸುಪಾಸಿಗೆ ಇಳಿಯಿತು.

"ಲಕ್ಷ ಸಲ ಆಡಿಸಿದರೆ ಇನ್ನೂ ಖಚಿತವಾಗುತ್ತಾ?" ಎಂದು ಮಾವ ಕೇಳಿದರು. ಆಗುವುದಿಲ್ಲ. 10 ಸಾವಿರ ದಾರಿಗಳಲ್ಲಿ ಎಣಿಕೆಯ ತೂಗಾಟ ನೂರಕ್ಕೆ ಅರ್ಧದಷ್ಟು. ಆದರೆ ಶೇ. 9ರ ಬದಲು ಶೇ. 8 ಎಂದು ಹಾಕಿದ ಕೂಡಲೇ 60 ಇದ್ದದ್ದು 50ಕ್ಕೂ ಕೆಳಗೆ ಜಾರಿತು. ಇಷ್ಟು ಏರಿಳಿತವಿರುವ ಹೂಡಿಕೆಯ 40 ವರ್ಷದ ಇತಿಹಾಸ ಕೈಯಲ್ಲಿದ್ದರೂ ಅದರ ನಿಜವಾದ ಸರಾಸರಿಯನ್ನು ಹೆಚ್ಚುಕಡಿಮೆ ಎರಡು ಅಂಶದ ಆಚೀಚೆಯೇ ಹೇಳಲು ಸಾಧ್ಯ. ದಶಾಂಶ ಹಾಕಿ "ಗೆಲುವು 61.3" ಎಂದು ತೋರಿಸುವ ಪಟ್ಟಿಗಳನ್ನು ಕಂಡರೆ ನನಗೆ ಸಿಟ್ಟು ಬರುವುದು ಇದಕ್ಕೇ. ಹೋಲಿಕೆಗೆ ಮಾತ್ರ ಈ ಆಟ ಒದಗುತ್ತದೆ: ಕೊಟ್ಟರೆ ಏನು, ಕೊಡದಿದ್ದರೆ ಏನು.

ಇನ್ನೊಂದು ಹೋಲಿಕೆಯನ್ನೂ ಮಾಡಿದೆ. ಹಣ ಕೊಡುವುದಿಲ್ಲ, ಜೊತೆಗೆ, ನಷ್ಟವಾದ ವರ್ಷದ ಮರುವರ್ಷ ಖರ್ಚನ್ನು ಬೆಲೆಯೇರಿಕೆಗೆ ತಕ್ಕಂತೆ ಏರಿಸುವುದಿಲ್ಲ. ಇಷ್ಟಕ್ಕೇ ಗೆಲ್ಲುವ ದಾರಿಗಳು ನೂರಕ್ಕೆ 80 ದಾಟಿದವು. ಮಾವನ ಮುಖ ಅರಳಿತು. ಅತ್ತೆ ಮಾತ್ರ, "ಅಂಥ ವರ್ಷ ಎಷ್ಟು ಸಲ ಬರುತ್ತೆ?" ಎಂದು ಕೇಳಿದರು. 30 ವರ್ಷಗಳಲ್ಲಿ ಸರಾಸರಿ ಏಳು ಸಲ. ಏಳು ಸಲ ಏರಿಸದೆ ಬಿಟ್ಟರೆ ಕೊನೆಯ ಹೊತ್ತಿಗೆ ಅವರ 20 ಸಾವಿರಕ್ಕೆ ಈಗಿನ ಬೆಲೆಯಲ್ಲಿ 13,300 ರೂಪಾಯಿಯ ಸಾಮಾನು ಬರುತ್ತದೆ. ಅದೂ ಅವರಿಗೆ 90 ದಾಟುವ ಹೊತ್ತಿಗೆ.

ಸೈಟಿನ ಮಾತು ಸದ್ಯಕ್ಕೆ ನಿಂತಿದೆ. ಅತ್ತೆ ಹಳೆಯ ಡೈರಿಯಲ್ಲಿ ಹಾಲು, ಔಷಧಿ, ಕರೆಂಟು ಬಿಲ್ಲು ಎಂದು ಬರೆಯುತ್ತ, ಯಾವುದು 13,300ರೊಳಗೆ ಕೂರುತ್ತದೆ ಎಂದು ನೋಡುತ್ತಿದ್ದಾರೆ. ಔಷಧಿಯ ಮುಂದಿನ ಜಾಗ ಇನ್ನೂ ಖಾಲಿ ಇದೆ.